ಅಡ್ಡಹೆಸರು ಬಿಡಿಸಲು ಎರಡು ನಿಮಿಷ

ಶಾಲೆಯ ಪ್ರಾರ್ಥನೆಯ ನಂತರ ಮಾತಿಗೆ ಸಿಗುವುದು ಎರಡೇ ನಿಮಿಷ. ‘ಕರಿಯ’, ‘ಡುಮ್ಮಿ’, ‘ಗಾರೆಯವನ ಮಗ’ ಎಂದು ಸಹಪಾಠಿಗಳನ್ನು ಕರೆಯುವವರಿಗೆ ಬುದ್ಧಿ ಹೇಳಲು ನಿಂತ ಶಿಕ್ಷಕರು ಎಡವುವುದು ಇಲ್ಲೇ: ಆ ಹೆಸರುಗಳನ್ನೇ ಮೈಕಿನಲ್ಲಿ ಹೇಳಿಬಿಡುತ್ತಾರೆ. ಸಾಲಿನಲ್ಲಿ ಕಿಸಕ್ಕೆಂಬ ನಗು. ಎಲ್ಲರ ಕಣ್ಣೂ ಒಬ್ಬನ ಮೇಲೆ.

ಅಡ್ಡಹೆಸರು ಎತ್ತದೆಯೂ ಮಾತಾಡಬಹುದು. ‘ಹೊಂಟೀನಿ’ ಎಂದ ಹುಡುಗನ ಮಾತಿಗೆ ನಕ್ಕವರಿಗೆ, ಧಾರವಾಡದ ಆಡುಮಾತನ್ನೇ ಕಾವ್ಯವಾಗಿಸಿದ ಬೇಂದ್ರೆಯವರಿಗೆ 1973ರ ಜ್ಞಾನಪೀಠ ಬಂದದ್ದನ್ನು ತಿಳಿಸಬಹುದು. ನಂಜನಗೂಡು ಸೀಮೆಯ ನುಡಿಯಲ್ಲಿ ದೇವನೂರ ಮಹಾದೇವ ಬರೆದ ‘ಕುಸುಮಬಾಲೆ’ಗೂ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿದೆ.

ಮೈಬಣ್ಣ, ಅಪ್ಪನ ಕೆಲಸದ ವಿಷಯಕ್ಕೆ ಉದಾಹರಣೆ ಬೇಡ, ನೇರ ಮಾತೇ ಸಾಕು: “ಮಕ್ಕಳೇ, ಹಾಜರಿ ಪುಸ್ತಕದಲ್ಲಿರುವ ಹೆಸರಿನಿಂದಲೇ ಕರೆಯಿರಿ. ಯಾರಾದರೂ ಅಣಕಿಸಿದರೆ ನೀವು ನಗಬೇಡಿ. ನಿಲ್ಲಿಸದಿದ್ದರೆ ಕ್ಲಾಸ್ ಟೀಚರಿಗೆ ಹೇಳಿ.”