ಅಳಿಯನಿಗೊಂದು ಪದ

ಮದುವೆಯ ಮನೆಯಲ್ಲಿ ಮಂತ್ರ ಪುರೋಹಿತರದು, ಹಾಡು ಹೆಂಗಸರದು. ಮಂತ್ರದಲ್ಲಿ ಒಂದಕ್ಷರವನ್ನೂ ಬದಲಾಯಿಸುವಂತಿಲ್ಲ. ಹಾಡಾದರೋ ಪ್ರತಿ ಮದುವೆಗೂ ಸ್ವಲ್ಪ ಹೊಸದಾಗಬೇಕು. ಹಸೆಗೆ ಕರೆಯುವ ಹಾಡು, ಆರತಿಯ ಹಾಡುಗಳು ಅಜ್ಜಿಯರಿಂದ ಬಂದವೇ ಸಾಕು. ಆದರೆ ಉರುಟಣೆಯ ಹೊತ್ತಿಗೆ ವಧೂವರರು ಎದುರುಬದುರಾಗಿ ಕುಳಿತು ಒಬ್ಬರಿಗೊಬ್ಬರು ಅರಿಶಿನ, ಕುಂಕುಮ, ಗಂಧಗಳನ್ನು ಹಚ್ಚುವಾಗ, ಹೆಣ್ಣಿನ ಕಡೆಯ ಅತ್ತೆ, ಚಿಕ್ಕಮ್ಮ, ಅಕ್ಕತಂಗಿಯರು ವರನನ್ನು ಹಾಸ್ಯಮಾಡಿ ಹಾಡುವ ಪದವಿದೆಯಷ್ಟೆ, ಅದು ಆ ವರನಿಗೆ ಒಪ್ಪುವಂತೆ ಹೊಸದಾಗಿದ್ದರೇ ಚೆನ್ನು. ಅಂಥ ಪದವನ್ನು ಕಟ್ಟುವ ಬಗೆಯನ್ನು ಕುರಿತು, ಎರಡು ಮದುವೆಗಳಲ್ಲಿ ನಾನು ಕಲಿತುದನ್ನು ತಮ್ಮ ಮುಂದೆ ಹೇಳುತ್ತೇನೆ. ಮೊದಲನೆಯದರಲ್ಲಿ ನಾನು ಕಲಿತದ್ದು ತಪ್ಪುಮಾಡಿ.

ಎಂಟು ವರ್ಷಗಳ ಹಿಂದೆ ನಮ್ಮ ಬಂಧುಗಳ ಮನೆಯ ಮದುವೆ. ಕಾಲೇಜಿನಲ್ಲಿ ಪಾಠ ಹೇಳುವವನಲ್ಲವೇ ಎಂದು ಹೆಂಗಸರು ಪದ ಕಟ್ಟುವ ಕೆಲಸವನ್ನು ನನಗೆ ಒಪ್ಪಿಸಿದರು. ಎರವಲು ಉಡುಪಿನ ವರ ಎಂಬುದು ಹಳೆಯ ಹಾಸ್ಯ. ನಾನೂ ಅದನ್ನೇ ಹಿಡಿದು ಹೀಗೆ ಬರೆದೆ:

ಜರತಾರಿ ಪೇಟಾವ ಸುತ್ತ್ಯಾರೆ ನಮ್ಮಳಿಯ
ಎರವೀನ ಶಾಲು ಹೆಗಲೀಗೆ ಹೊದಕೊಂಡು
ಮರಳೀಸಬೇಕು ನಾಳೇಗೆ

ಛಂದಸ್ಸಿನಲ್ಲಿ ಕುಂದಿಲ್ಲ. ಆದರೆ ಹಾಡು ಮುಗಿದಾಗ ಗಂಡಿನ ಕಡೆಯಿಂದ ಒಂದು ಸೊಲ್ಲೂ ಬರಲಿಲ್ಲ. ವರ ನಕ್ಕನು, ಎರಡನೆಯ ಸಾಲಿನಲ್ಲಿ ಕುಳಿತಿದ್ದ ಅವನ ತಾಯಿ ನಗಲಿಲ್ಲ. ಆಮೇಲೆ ತಿಳಿಯಿತು: ಆಕೆ ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು, ಮಗನನ್ನು ಅಣ್ಣನ ಮನೆಯಲ್ಲಿ ಬೆಳೆಸಿದವರು. ಆ ಹುಡುಗನು ಬಹುಕಾಲ ಸೋದರಮಾವನ ಮಕ್ಕಳು ಬಿಟ್ಟ ಬಟ್ಟೆಯನ್ನೇ ತೊಟ್ಟವನು. ನಾನು ಹಾಸ್ಯವೆಂದು ಬರೆದುದು ಆ ಮನೆಯಲ್ಲಿ ನಿಜವಾಗಿತ್ತು.

ಅಂದು ನನ್ನ ಸೋದರತ್ತೆಯವರು ಹೇಳಿದ ಮಾತು ಇಷ್ಟೇ: "ನೋಡಪ್ಪ, ಪದ ಹೇಳಿದರೆ ಪದ ಬರಬೇಕು. ಬರಲಿಲ್ಲವೆಂದರೆ ಎಲ್ಲೋ ತಾಕಿದೆ ಅಂತ ಅರ್ಥ." ಇದಕ್ಕಿಂತ ಒಳ್ಳೆಯ ಲಕ್ಷಣವನ್ನು ನಾನು ಯಾವ ಅಲಂಕಾರಗ್ರಂಥದಲ್ಲಿಯೂ ಕಂಡಿಲ್ಲ. ಉರುಟಣೆಯ ಹಾಸ್ಯವು ತೀರ್ಪಲ್ಲ, ಎದುರಿನವರನ್ನು ಮಾತಿಗೆಳೆಯುವ ಪ್ರಶ್ನೆ. ಎರಡು ಮನೆಗಳ ಅಪರಿಚಿತ ಹೆಂಗಸರು ಪರಸ್ಪರ ಮೊದಲು ಸಲಿಗೆಯಿಂದ ಮಾತನಾಡುವುದು ಈ ಪದಗಳ ಮೂಲಕವೇ. ಆದುದರಿಂದ, ಉತ್ತರಕ್ಕೆ ಎಡೆಯಿಲ್ಲದ ಪದ ಎಷ್ಟೇ ಚತುರವಾಗಿದ್ದರೂ ಕೆಟ್ಟ ಪದವೇ ಸರಿ.

ಎರಡನೆಯ ಮದುವೆ ಚಾಮರಾಜಪೇಟೆಯಲ್ಲಿ, ನನ್ನ ತಂಗಿಯ ಮಗಳದು. ಈ ಸಲ ನಾನು ಅತ್ತೆಯವರನ್ನು ಮೊದಲೇ ಕೇಳಿದೆ: "ಯಾವುದನ್ನು ಹಾಸ್ಯಮಾಡಬಹುದು?" ಅವರು, "ಅವನ ಮೈಬಣ್ಣ, ಎತ್ತರ, ತಲೆಗೂದಲು, ಸಂಬಳ, ಅವನ ಮನೆಯವರು ಕೊಟ್ಟಿದ್ದು ತಂದಿದ್ದು, ಇವು ಯಾವುದೂ ಬೇಡ. ಈ ಹೊತ್ತು ಅವನು ವರನಾಗಿ ಏನು ಮಾಡಿದನೋ ಅದನ್ನು ಹಾಡು. ನಾಳೆ ಅವನು ವರನಲ್ಲ, ಹಾಸ್ಯವೂ ಅಲ್ಲಿಗೇ ಮುಗಿಯುತ್ತದೆ" ಎಂದರು.

ವರನಾಗಿ ಮಾಡುವ ಕೆಲಸಗಳಲ್ಲಿ ಹಾಸ್ಯಕ್ಕೆ ಬಹಳ ಒದಗುವುದು ಕಾಶೀಯಾತ್ರೆ. ವರನು ಪಂಚೆಯುಟ್ಟು, ಕೊಡೆ, ಕೋಲು, ಪುಸ್ತಕಗಳನ್ನು ಹಿಡಿದು, ಸಂಸಾರ ಬೇಡವೆಂದು ಕಾಶಿಗೆ ಹೊರಡುತ್ತಾನೆ. ಹೆಣ್ಣಿನ ತಂದೆಯೋ ಅಣ್ಣನೋ ಅಡ್ಡಬಂದು, ಕನ್ಯೆಯನ್ನು ಕೊಡುತ್ತೇವೆಂದು ಹೇಳಿ ಹಿಂದಕ್ಕೆ ಕರೆತರುತ್ತಾರೆ. ಅವನು ಕಾಶಿಗೆ ಹೋಗುವುದಿಲ್ಲವೆಂಬುದು ಛತ್ರದಲ್ಲಿರುವ ಕೂಸಿಗೂ ಗೊತ್ತು. ಹೀಗೆ, ನಿಜವಲ್ಲವೆಂದು ಎಲ್ಲರೂ ಬಲ್ಲ ಸಂಗತಿಯೇ ಹಾಸ್ಯಕ್ಕೆ ನಿರಪಾಯವಾದ ನೆಲ.

ಇನ್ನು ಮಟ್ಟು. ಹೆಂಗಸರ ಬಾಯಲ್ಲಿ ಈ ಪದಗಳು ಸಾಮಾನ್ಯವಾಗಿ ತ್ರಿಪದಿಯಲ್ಲಿಯೇ ಬರುತ್ತವೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ಕ್ರಿ. ಶ. 700ರಷ್ಟು ಹಿಂದೆಯೇ ಕಾಣುವ, ಸರ್ವಜ್ಞನಿಂದ ಮನೆಮನೆಗೆ ಪರಿಚಿತವಾದ ಛಂದಸ್ಸು ಇದು. ಮೂರು ಸಾಲು, ಒಟ್ಟು 11 ಗಣ: ಮೊದಲನೆಯ ಎರಡು ಸಾಲುಗಳಲ್ಲಿ ನಾಲ್ಕು ನಾಲ್ಕು, ಮೂರನೆಯದರಲ್ಲಿ ಮೂರು. 6ನೆಯದೂ 10ನೆಯದೂ ಚಿಕ್ಕವು, ಉಳಿದವು ದೊಡ್ಡವು. ಲಾಕ್ಷಣಿಕರ ಅಂಶಗಣಗಳ ಲೆಕ್ಕವನ್ನು ಬಿಟ್ಟು ಹಾಡುವ ಕಿವಿಗೆ ಹೇಳುವುದಾದರೆ, ದೊಡ್ಡ ಗಣಕ್ಕೆ ಐದು ಮಾತ್ರೆ, ಚಿಕ್ಕದಕ್ಕೆ ಮೂರು ಎಂದಿಟ್ಟುಕೊಳ್ಳಬಹುದು. ಜೊತೆಗೆ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿ ಪ್ರಾಸ ಕೂಡಬೇಕು. ಇದನ್ನು ನಾನು ಪುಸ್ತಕದಿಂದ ತಿಳಿದಿದ್ದೆ. ಅತ್ತೆಯವರು ಮೊಣಕಾಲಿನ ಮೇಲೆ ಬೆರಳು ತಟ್ಟಿ ತಿಳಿದಿದ್ದರು.

ನನ್ನ ಮೊದಲನೆಯ ಸಾಲು "ವಾರಾಣಸೀಯಾತ್ರೆಗುದ್ಯುಕ್ತರಾಗಿಹರು" ಎಂದಿತ್ತು. ಅತ್ತೆಯವರು ಎರಡು ಸಲ ಬಾಯಲ್ಲಿ ತಿರುಗಿಸಿ, "ಇದನ್ನು ಹಾಡುವುದಕ್ಕೆ ಹಲ್ಲು ಬೇಕಪ್ಪ" ಎಂದರು. ಅವರ ವಯಸ್ಸು ಎಂಬತ್ತರ ಮೇಲೆ. ಹಾಸ್ಯದ ಮಾತಿಗಿಂತ ಹೆಚ್ಚಿನ ವಿಷಯ ಅದರಲ್ಲಿತ್ತು. ತ್ರಿಪದಿಯ ಹಾಡಿನಲ್ಲಿ ಧ್ವನಿ ಪ್ರತಿಯೊಂದು ಗಣದ ನಡುವೆ ಸ್ವರವನ್ನು ಹಿಗ್ಗಿಸಿ ನಿಲ್ಲುತ್ತದೆ. "ಕಾಶಿಗೆ" ಎಂಬುದು ಬರಹದಲ್ಲಿ ನಾಲ್ಕು ಮಾತ್ರೆ. ಹಾಡುವಾಗ "ಕಾಶೀಗೆ" ಎಂದು ಐದಾಗುತ್ತದೆ. ಒತ್ತಕ್ಷರಗಳು ಕಿಕ್ಕಿರಿದ ಸಮಾಸದಲ್ಲಿ ಧ್ವನಿ ಹೀಗೆ ಹಿಗ್ಗಿ ನಿಲ್ಲಲು ಸ್ಥಳವೇ ಇಲ್ಲ. ಆದುದರಿಂದ ಗಣವೊಂದಕ್ಕೆ ಒಂದು ಮನೆಮಾತು, ಅದರಲ್ಲಿ ಎಳೆಯಬಹುದಾದ ಒಂದು ಸ್ವರ, ಎಂಬ ನಿಯಮವನ್ನಿಟ್ಟುಕೊಂಡು ಹೊಸದಾಗಿ ಕಟ್ಟಿದೆ:

ಕಾಶೀಗೆ ಹೊರಟಾರೆ ಛತ್ರೀಯ ಹಿಡಕೊಂಡು
ಆಸೇಯ ಬಿಟ್ಟು ನಡೆದಾರೆ ನಮ್ಮಳಿಯ

ಮೂರನೆಯ ಸಾಲಿನಲ್ಲಿ ವರನು ಹಿಂದಿರುಗಬೇಕು. ನಾನು ಮೊದಲು, ಕಾಶಿಗೆ ಹೊರಟವರು ಮಕ್ಕಳ ಕೂಟದ ಬಳಿ ತಿರುಗಿದರು ಎಂಬರ್ಥ ಬರುವಂತೆ ಬರೆದಿದ್ದೆ. ಚಾಮರಾಜಪೇಟೆಯವರಾದ ನಮಗೆ ಅದು ಬಹು ಸೊಗಸಾಗಿ ತೋರಿತು. ಆದರೆ ಬೀಗರು ಶಿವಮೊಗ್ಗದ ಕಡೆಯವರು. 1938ರಿಂದ ಇಲ್ಲಿರುವ ಮಕ್ಕಳ ಕೂಟ ಎಲ್ಲಿದೆ, ಛತ್ರದಿಂದ ಅದು ಎಷ್ಟು ಹತ್ತಿರ ಎಂಬುದು ಅವರಿಗೆ ಹೇಗೆ ತಿಳಿಯಬೇಕು? ನಮ್ಮವರು ಮಾತ್ರ ನಕ್ಕರೆ, ತಮ್ಮನ್ನೇ ನೋಡಿ ನಗುತ್ತಿದ್ದಾರೆಂದು ಅವರಿಗೆ ತೋರೀತು. ಎರಡು ಕಡೆಗೂ ಒಂದೇ ಕ್ಷಣದಲ್ಲಿ ಅರ್ಥವಾಗುವ ವಸ್ತು ಬೇಕು. ಪ್ರಾಸಕ್ಕೆ ಸಕಾರವೂ ಬೇಕು. ಶಕಾರ ಸಕಾರಗಳನ್ನು ಹಾಡಿನ ಕಿವಿ ಬೇರೆಯೆಂದು ಎಣಿಸುವುದಿಲ್ಲ. ಆ ಹೊತ್ತಿಗೆ ಅಡಿಗೆಯ ಮನೆಯಿಂದ ವಾಸನೆ ಬಂದಿತು, ಸಾಲೂ ಬಂದಿತು:

ದೋಸೇಗೆ ತಿರುಗಿ ಬಂದಾರೆ

ಈ ಸಾಲು ಬೀಳುವ ಹೊತ್ತನ್ನು ಗಮನಿಸಬೇಕು. ನಮ್ಮ ಮನೆಯಲ್ಲಿ ಒಬ್ಬರು ಎರಡನೆಯ ಸಾಲನ್ನು ಹೇಳುತ್ತಾರೆ; ಉಳಿದವರು ಅದನ್ನೇ ಮತ್ತೊಮ್ಮೆ ಎತ್ತಿಕೊಂಡ ಮೇಲೆ ಮೂರನೆಯದು. ಹೀಗೆ ಆಸೆ ಬಿಟ್ಟವರೆಂಬ ಹೊಗಳಿಕೆ ಎರಡು ಸಲ ಕೇಳುತ್ತದೆ. ವರನು ಗಂಭೀರವಾಗಿ ಕುಳಿತಿರುತ್ತಾನೆ. ಅನಂತರ ದೋಸೆ ಬರುತ್ತದೆ. ಆದುದರಿಂದ ಕೊಂಕು ಮೂರನೆಯ ಸಾಲಿಗೇ ಮೀಸಲಾಗಿರಬೇಕು. ಎರಡನೆಯದರಲ್ಲಿಯೇ ಸುಳಿವು ಕೊಟ್ಟರೆ ಆವೃತ್ತಿಯಲ್ಲಿ ಹಾಸ್ಯ ಹಳಸುತ್ತದೆ.

ಅತ್ತೆಯವರು ಇನ್ನೊಂದನ್ನು ತಿದ್ದಿದರು. ನಾನು ಬರೆದಿದ್ದುದು "ಹೊರಟಾನೆ, ನಡೆದಾನೆ" ಎಂದು. ಮಾತ್ರೆ ಅಷ್ಟೇ, ಮರ್ಯಾದೆ ಅಷ್ಟೇ ಅಲ್ಲ. ಅಳಿಯನಿಗೆ ಬಹುವಚನವನ್ನು ಕೊಟ್ಟ ಮೇಲೆ ಅದರೊಳಗೆ ಎಷ್ಟಾದರೂ ನಗಬಹುದು; ಏಕವಚನದಲ್ಲಿ ಅದೇ ಮಾತು ಬೈಗುಳಾಗುತ್ತದೆ. ಹುಡುಗಿಯ ತಂಗಿಯರು ಹಾಡುವಾಗ "ನಮ್ಮಳಿಯ" ಎಂಬಲ್ಲಿ "ನಮ ಭಾವ" ಎಂದು ಹಾಕಿಕೊಂಡರು. ಎರಡೂ ಐದೇ ಮಾತ್ರೆ. ಹಾಡುವವರ ನಂಟಿಗೆ ತಕ್ಕಂತೆ ಮಾತನ್ನು ಬದಲಿಸಲು ಇಂಥ ಒಂದು ಗಣವನ್ನು ಸಾಲಿನ ಕೊನೆಯಲ್ಲಿ ಬಿಟ್ಟಿರುವುದು ಲೇಸು.

ಸಂಜೆ ಹಸೆಯ ಮುಂದೆ ಪದ ಹೇಳುವ ಮೊದಲು ಅತ್ತೆಯವರು ಧ್ವನಿವರ್ಧಕವನ್ನು ನಿಲ್ಲಿಸಿಸಿದರು. ಹತ್ತಿರ ಕುಳಿತವರಿಗೆ ಹೇಳುವ ಸಲಿಗೆಯ ಮಾತನ್ನು ಊಟದ ಮನೆಯವರೆಗೆ ಸಾರಿದರೆ ಅದು ಸಲಿಗೆಯಾಗಿ ಉಳಿಯುವುದಿಲ್ಲ. ಪದ ಮುಗಿಯಿತು. ವರನು ತಲೆ ತಗ್ಗಿಸಿ ನಕ್ಕನು. ನಾನು ಅವನನ್ನು ನೋಡಲಿಲ್ಲ. ಅವನ ತಾಯಿಯನ್ನು ನೋಡುತ್ತಿದ್ದೆ. ಆಕೆ ಮಗಳ ಕಿವಿಯಲ್ಲಿ ಏನೋ ಹೇಳಿದರು. ಸ್ವಲ್ಪ ಹೊತ್ತಿನಲ್ಲಿ ವರನ ಅಕ್ಕ ಧ್ವನಿಯೆತ್ತಿದರು:

ದೋಸೇಗೆ ಬರಲಿಲ್ಲ ಬೀಗಿತ್ತಿ ಕೇಳಮ್ಮ
ಕಾಶೀಯ ದಾರಿ ತಡೆದೋರು ನಿಮ್ಮವರು
ಕೂಸೀನ ಕೈಯ ಹಿಡಿರೆಂದು

ನಮ್ಮ ಪ್ರಾಸವನ್ನೇ ಹಿಡಿದು ನಮ್ಮನ್ನೇ ಸೋಲಿಸಿದ್ದರು. ಬೆಳಗ್ಗೆ ವರನನ್ನು ತಡೆದು ನಿಲ್ಲಿಸಿದವನು ಹುಡುಗಿಯ ಅಣ್ಣನೇ ಅಲ್ಲವೆ? ಎರಡು ಕಡೆಯವರೂ ನಕ್ಕರು. ಆಮೇಲೆ ಅರ್ಧ ಗಂಟೆ ಪದಕ್ಕೆ ಪದ ನಡೆಯಿತು. ನಾನು ಬರೆದುಕೊಟ್ಟಿದ್ದ ಉಳಿದ ಪದಗಳಲ್ಲಿ ಹೆಚ್ಚಿನವು ಬೇಕಾಗಲೇ ಇಲ್ಲ. ಅಲ್ಲಿದ್ದ ಹೆಂಗಸರೇ ಕುಳಿತಲ್ಲಿ ಕಟ್ಟುತ್ತಿದ್ದರು. ಪ್ರಾಸ ತಪ್ಪಿತು, ಗಣ ಏರುಪೇರಾಯಿತು, ಯಾರೂ ಎಣಿಸಲಿಲ್ಲ.

ಹಾಸ್ಯದ ಪದದಿಂದ ಉರುಟಣೆ ಮುಗಿಯಬಾರದು ಎಂಬುದು ಅತ್ತೆಯವರ ಕೊನೆಯ ನಿಯಮ. ಎದ್ದು ಹೋಗುವವರ ಕಿವಿಯಲ್ಲಿ ಉಳಿಯುವುದು ಕಡೆಯ ಪದವಾದುದರಿಂದ, ಆರತಿಗೆ ಮುಂಚೆ ಇದನ್ನು ಹಾಡಿಸಿದರು:

ನಗೆಯಾಡಿ ಕರೆದೇವು ಮುನಿಬೇಡಿ ನಮ್ಮಳಿಯ
ಮಗಳೀಗೆ ಜೋಡಿ ನೀವಾಗಿ ನೂರ್ಕಾಲ
ಸೊಗಸಾಗಿ ಬಾಳಿ ಬೆಳಗೀರಿ

ಮೊದಲನೆಯ ಮದುವೆಯ ಆ ತಾಯಿಯನ್ನು ನಾನು ಆಮೇಲೆ ಒಮ್ಮೆ ಕಂಡು, ನನ್ನ ತಪ್ಪನ್ನು ಒಪ್ಪಿಕೊಂಡೆ. "ಪದ ಚೆನ್ನಾಗಿತ್ತು" ಎಂದರು ಆಕೆ. ಅಷ್ಟೇ ಹೇಳಿ ಸುಮ್ಮನಾದರು. ಈಗ ಯಾರಾದರೂ ಪದ ಬರೆದುಕೊಡೆಂದು ಕೇಳಿದರೆ ನಾನು ಮೊದಲು ವಿಚಾರಿಸುವುದು ವರನ ವಿಷಯವನ್ನಲ್ಲ. ಅವನ ಕಡೆ ಹಾಡಬಲ್ಲವರು ಯಾರಿದ್ದಾರೆ ಎಂಬುದನ್ನು. ಅವರು ಏನು ಉತ್ತರ ಕೊಟ್ಟಾರು ಎಂಬುದು ನನಗೆ ಹೊಳೆಯುವವರೆಗೆ ಪದವನ್ನು ಕೈಬಿಡುವುದಿಲ್ಲ.