ಅಂಗಡಿಯೋ, ವಿನ್ಯಾಸದ ಓದೋ: ಅಣ್ಣನ ಮಗನಿಗೆ ಒಂದು ಪತ್ರ

(ಘಟಪ್ರಭಾದಲ್ಲಿ ನನ್ನ ಅಣ್ಣನ ಬಟ್ಟೆ ಅಂಗಡಿಯಿದೆ. ಈ ವರ್ಷ ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ತೇರ್ಗಡೆಯಾದ ಅವನ ಮಗನಿಗೆ ನಾನು ಬರೆದ ಪತ್ರವಿದು. ಇಂಥದೇ ಪ್ರಶ್ನೆ ನಮ್ಮ ಸದಸ್ಯರ ಅನೇಕ ಮನೆಗಳಲ್ಲಿ ಇರುವುದರಿಂದ, ತಂದೆ-ಮಗ ಇಬ್ಬರ ಒಪ್ಪಿಗೆ ಪಡೆದು, ಅಂಕಿಗಳನ್ನು ಸ್ವಲ್ಪ ಬದಲಿಸಿ ಇಲ್ಲಿ ಕೊಟ್ಟಿದ್ದೇನೆ.)

ಚಿರಂಜೀವಿಗೆ ಕಾಕಾನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಅಂಗಡಿಯಲ್ಲಿ ಕುಳಿತುಕೊಳ್ಳಬೇಕೋ ಅಥವಾ ನಾಲ್ಕು ವರ್ಷ ವಿನ್ಯಾಸ ಓದಲು ಹೋಗಬೇಕೋ ಎಂದು ಕೇಳಿರುವೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, "ದೀಪಾವಳಿ ಪಾಡ್ಯದಿಂದ ನನ್ನನ್ನು ಪಾಲುದಾರನನ್ನಾಗಿ ಮಾಡಿಕೊಳ್ಳುತ್ತಾರಂತೆ, ಬ್ಯಾಂಕಿನವರು ಸಾಲದ ಮಿತಿಯನ್ನು 15 ಲಕ್ಷದಿಂದ 25 ಲಕ್ಷಕ್ಕೆ ಏರಿಸುತ್ತಾರಂತೆ" ಎಂದು ಸೇರಿಸಿರುವೆ. ನನ್ನ ಕಣ್ಣಿಗೆ ಮುಖ್ಯವಾಗಿ ಕಂಡದ್ದು ಆ ಕೊನೆಯ ಸಾಲೇ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಅಂಗಡಿಯ ಲೆಕ್ಕ ನೋಡೋಣ.

ಅಣ್ಣ ವರ್ಷಕ್ಕೆ ಸುಮಾರು 96 ಲಕ್ಷ ರೂಪಾಯಿಗಳ ವ್ಯಾಪಾರ ಮಾಡುತ್ತಾನೆ. ಸೂರತ್, ಇಚಲಕರಂಜಿ, ಬೆಳಗಾವಿಗಳಿಂದ ತಂದ ಮಾಲಿನ ಮೇಲೆ, ಸೀರೆ ಮತ್ತು ಸಿದ್ಧ ಉಡುಪು ಎರಡನ್ನೂ ಸರಾಸರಿ ಹಿಡಿದರೆ, ಮಾರಾಟದ ಶೇಕಡಾ 20 ಉಳಿಯುತ್ತದೆ. ಅಂದರೆ 19.2 ಲಕ್ಷ. ಮೂವರು ಕೆಲಸಗಾರರ ಪಗಾರ 4.32 ಲಕ್ಷ, ವಿದ್ಯುತ್ತು, ಸಾಗಾಣಿಕೆ, ಇತರೆ 1.68 ಲಕ್ಷ, ಬ್ಯಾಂಕಿನ ಬಡ್ಡಿ 1.5 ಲಕ್ಷ, ಇವೆಲ್ಲ ಸೇರಿ 7.5 ಲಕ್ಷ. ಉಳಿದ 11.7 ಲಕ್ಷ ಲಾಭವೆಂದು ನಾನೇ ಪ್ರತಿವರ್ಷ ಸಹಿ ಹಾಕುತ್ತೇನೆ. ಆದಾಯ ತೆರಿಗೆಯ ಮಟ್ಟಿಗೆ ಅದು ಸರಿಯಾದ ಅಂಕಿ. ಆದರೆ ನಿನ್ನ ನಿರ್ಧಾರಕ್ಕೆ ಆ ಅಂಕಿ ಸಾಲದು.

ಏಕೆಂದರೆ ಅದರಲ್ಲಿ ನಾಲ್ಕು ಬಗೆಯ ಆದಾಯಗಳು ಬೆರೆತು ಕುಳಿತಿವೆ. ಕಟ್ಟಡ ನಮ್ಮ ಸ್ವಂತದ್ದು. ಸ್ಟೇಷನ್ ರಸ್ತೆಯ ಆ ಜಾಗವನ್ನು ಬೇರೆಯವರಿಗೆ ಕೊಟ್ಟರೆ ತಿಂಗಳಿಗೆ 25,000 ಬಾಡಿಗೆ ಬರುತ್ತದೆ, ವರ್ಷಕ್ಕೆ 3 ಲಕ್ಷ. ಎರಡನೆಯದು ಬಂಡವಾಳದ ಬಡ್ಡಿ. ಮಾಲು 48 ಲಕ್ಷ, ಉದ್ರಿ 14 ಲಕ್ಷ. ಅದರಲ್ಲಿ ಬ್ಯಾಂಕಿನ 15 ಮತ್ತು ಮಾಲು ಕೊಟ್ಟವರ 12 ಲಕ್ಷ ಕಳೆದರೆ ನಮ್ಮ ಸ್ವಂತದ್ದು 35 ಲಕ್ಷ. ಅದನ್ನು ಠೇವಣಿ ಇಟ್ಟು ಮನೆಯಲ್ಲಿ ಸುಮ್ಮನೆ ಕುಳಿತರೂ ಶೇಕಡಾ 7ರಂತೆ 2.45 ಲಕ್ಷ ಬಂದೀತು. ಮೂರನೆಯದು ನಿನ್ನ ಅಪ್ಪನ ದುಡಿಮೆ. ದಿನಕ್ಕೆ ಹನ್ನೆರಡು ಗಂಟೆ ಕುಳಿತುಕೊಳ್ಳುವ ನಂಬಿಗಸ್ತ ವ್ಯವಸ್ಥಾಪಕನಿಗೆ ತಿಂಗಳಿಗೆ 30,000 ಎಂದರೆ 3.6 ಲಕ್ಷ. ನಾಲ್ಕನೆಯದು, ಮಧ್ಯಾಹ್ನ ಹೆಂಗಸರ ವಿಭಾಗ ನೋಡಿಕೊಳ್ಳುವ ವೈನಿಯ ಶ್ರಮ, 1.2 ಲಕ್ಷ. ಇದುವರೆಗೆ ಯಾವ ಕಿರ್ದಿಯಲ್ಲಿಯೂ ಬಾರದ ಅಂಕಿಯಿದು, ನಾನು ಬರೆದ ಲೆಕ್ಕಪತ್ರಗಳಲ್ಲಿಯೂ ಬಂದಿಲ್ಲ. ನಾಲ್ಕೂ ಸೇರಿ 10.25 ಲಕ್ಷವಾಯಿತು. 11.7ರಲ್ಲಿ ಅದನ್ನು ಕಳೆದರೆ, ವ್ಯಾಪಾರವು ವ್ಯಾಪಾರವಾಗಿ ಗಳಿಸುತ್ತಿರುವುದು ವರ್ಷಕ್ಕೆ 1.45 ಲಕ್ಷ ಮಾತ್ರ.

ಇದರಿಂದ ಅಂಗಡಿ ಕೆಟ್ಟದ್ದೆಂದು ತಿಳಿಯಬೇಡ. ಅದು ಒಂದು ಸಂಸಾರವನ್ನು ಮರ್ಯಾದೆಯಿಂದ ಸಾಕಿದೆ. ನನ್ನ ಸಿ.ಎ. ಓದಿನ ಖರ್ಚೂ ಅದೇ ಗಲ್ಲಾದಿಂದ ಬಂದದ್ದು. ಆಗ ಓದಲು ಹೋದವನು ನಾನು, ಅಪ್ಪನ ಪಕ್ಕದಲ್ಲಿ ಕುಳಿತವನು ಅಣ್ಣ. ಆದುದರಿಂದ ಈ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ ಎಂಬುದನ್ನೂ ನೆನಪಿಟ್ಟುಕೊಂಡೇ ಮುಂದೆ ಓದು.

ನೀನು ಬಂದು ಕುಳಿತೆ ಎಂದಿಟ್ಟುಕೊ. ನಿನಗೆ ತಿಂಗಳಿಗೆ 20,000 ದಂತೆ ವರ್ಷಕ್ಕೆ 2.4 ಲಕ್ಷ ಸಲ್ಲಬೇಕು. ಹೆಚ್ಚುವರಿ ಮಾರಾಟದ ಪ್ರತಿ ನೂರು ರೂಪಾಯಿಯಲ್ಲಿ, ಹೆಚ್ಚುವರಿ ಖರ್ಚು ಕಳೆದು, 18 ರೂಪಾಯಿ ಉಳಿಯುತ್ತದೆಂದು ಹಿಡಿದರೆ, ನಿನ್ನ ಪಗಾರ ಹುಟ್ಟಲು ಮಾರಾಟ 13.3 ಲಕ್ಷ ಏರಬೇಕು. ಅಂದರೆ ಈಗಿನದಕ್ಕಿಂತ ಶೇಕಡಾ 14 ಹೆಚ್ಚು. ಆಗದ ಮಾತೇನಲ್ಲ. ಆದರೆ ನೀನು ಗಲ್ಲಾದ ಪಕ್ಕದಲ್ಲಿ ಕುಳಿತ ಮಾತ್ರಕ್ಕೆ ಅದು ಆಗುವುದಿಲ್ಲ. ಹಾಗೆ ಸುಮ್ಮನೆ ಕುಳಿತರೆ ಅಪ್ಪನ ಆದಾಯವನ್ನೇ ಇಬ್ಬರೂ ಹಂಚಿಕೊಂಡಂತಾಗುತ್ತದೆ. ನಮ್ಮ ಪೇಟೆಗಳ ಅನೇಕ ಅಂಗಡಿಗಳಲ್ಲಿ ಮಗ ಬಂದ ಮೂರು-ನಾಲ್ಕು ವರ್ಷಗಳ ಮೇಲೆ ತಂದೆ-ಮಕ್ಕಳಲ್ಲಿ ಮಾತು ಕಡಿಮೆಯಾಗುವುದಕ್ಕೆ ಕಾರಣ ಇದೇ ಎಂದು ನನ್ನ ಅನುಭವ.

ಅಂಗಡಿಯ ನಿಜವಾದ ಕಾಯಿಲೆ ಇರುವುದು ಕಪಾಟುಗಳಲ್ಲಿ. ಮಾರಿದ ಮಾಲಿನ ಅಸಲು 76.8 ಲಕ್ಷ, ಕೈಯಲ್ಲಿರುವ ಮಾಲು 48 ಲಕ್ಷ. ಅಂದರೆ ಮಾಲು ವರ್ಷಕ್ಕೆ 1.6 ಸಲ ಮಾತ್ರ ತಿರುಗುತ್ತಿದೆ. ಒಂದು ಸೀರೆ ಸರಾಸರಿ ಏಳೂವರೆ ತಿಂಗಳು ಕಪಾಟಿನಲ್ಲಿ ಮಲಗುತ್ತದೆ. ಕಳೆದ ಯುಗಾದಿಗೆ ಬಂದಾಗ ಮೇಲಿನ ಅಟ್ಟದ ಗಂಟುಗಳನ್ನು ಬಿಚ್ಚಿ ನೋಡಿದೆ. ಮಡಿಕೆಯ ಅಂಚು ಬಿಳಿಚಿಕೊಂಡಿತ್ತು, ಕೆಲವುದರ ಜರಿ ಕಪ್ಪಾಗಿತ್ತು. ಎರಡು ವರ್ಷ ದಾಟಿದ ಅಂಥ ಮಾಲು 6 ಲಕ್ಷದ್ದಿದೆ ಎಂದು ನನ್ನ ಅಂದಾಜು. ಇಂದು ಮಾರಿದರೆ ಶೇಕಡಾ 40 ಬಂದರೆ ಪುಣ್ಯ. ಅಲ್ಲಿ 3.6 ಲಕ್ಷ ಹೋದಂತೆಯೇ.

ಉದ್ರಿಯದೂ ಹಾಗೆಯೇ. ನಮ್ಮ ಗಿರಾಕಿ ಕಬ್ಬಿನ ರೈತ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಾರ್ಖಾನೆ 14 ದಿನಗಳಲ್ಲಿ ಹಣ ಕೊಡಬೇಕು. ಕಬ್ಬಿನ ಬಿಲ್ಲು ತಡವಾದರೆ ನಮ್ಮ ಬಾಕಿಯೂ ತಡವಾಗುತ್ತದೆ. ಅದು ಅರ್ಥವಾಗುವ ಮಾತು. ಆದರೆ 14 ಲಕ್ಷದಲ್ಲಿ ಸುಮಾರು 3 ಲಕ್ಷ ಮೂರು ವರ್ಷ ದಾಟಿದ್ದು. ಅಷ್ಟರೊಳಗೆ ಗಿರಾಕಿಯ ಸಹಿಯುಳ್ಳ ಒಪ್ಪಿಗೆ ಅಥವಾ ಅವನ ಕೈಬರಹದ ಇಲ್ಲವೇ ಸಹಿಯ ಆಧಾರವುಳ್ಳ ಭಾಗಶಃ ಪಾವತಿ ಇಲ್ಲದಿದ್ದರೆ ಕಾಲಮಿತಿ ಕಾಯ್ದೆಯಂತೆ ಅದಕ್ಕೆ ದಾವೆ ನಡೆಯದು. ಹಳೆಯ ಮಾಲು, ಹಳೆಯ ಉದ್ರಿ ಸೇರಿ 6.6 ಲಕ್ಷ. ಇದು ಆ 1.45 ಲಕ್ಷದ ನಾಲ್ಕು ವರ್ಷಗಳ ಮಿಗತೆಗಿಂತಲೂ ಹೆಚ್ಚು.

ಈಗ ಬ್ಯಾಂಕಿನ ಮಾತಿಗೆ ಬರೋಣ. ನಿಂತ ಮಾಲಿನ ಮೇಲೆ ಇನ್ನೂ 10 ಲಕ್ಷ ಸಾಲ ತಂದು ಹೊಸ ಮಾಲು ತುಂಬುವುದು ಆ ಕಾಯಿಲೆಗೆ ಮದ್ದಲ್ಲ. ಅದಿರಲಿ, ನಿನ್ನ ಸಹಿಯ ಅರ್ಥವೇನೆಂದು ತಿಳಿದುಕೊ. 1932ರ ಪಾಲುದಾರಿಕೆ ಕಾಯ್ದೆಯ 25ನೆಯ ಕಲಮಿನಂತೆ, ಪಾಲುದಾರನಾಗಿರುವ ಅವಧಿಯಲ್ಲಿ ಸಂಸ್ಥೆ ಮಾಡಿದ ಪೂರ್ತಿ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಒಟ್ಟಾಗಿಯೂ ಬಿಡಿಯಾಗಿಯೂ ಹೊಣೆ. ನಿನ್ನ ಪಾಲು ಶೇಕಡಾ 10 ಎಂದು ಪತ್ರದಲ್ಲಿ ಬರೆದರೂ ಬ್ಯಾಂಕಿನ ಎದುರು ಹೊಣೆ ನೂರಕ್ಕೆ ನೂರು. ಸೇರುವುದಕ್ಕೆ ಮೊದಲಿನ ಸಾಲಕ್ಕೆ ಹೊಸ ಪಾಲುದಾರ ಹೊಣೆಯಲ್ಲ ಎಂದು 31ನೆಯ ಕಲಮು ಹೇಳುತ್ತದೆ, ನಿಜ. ಆದರೆ ಬ್ಯಾಂಕು ಹಳೆಯ ಖಾತೆ ಮುಚ್ಚಿ 25 ಲಕ್ಷಕ್ಕೂ ಹೊಸ ಕಾಗದ ಬರೆಸಿಕೊಳ್ಳುವುದರಿಂದ ಆ ರಕ್ಷಣೆ ಕೈಬಿಟ್ಟಂತೆಯೇ. ನಾಳೆ ಓದಲು ಹೊರಟು ನಿವೃತ್ತನಾದರೂ, ಸಾರ್ವಜನಿಕ ಪ್ರಕಟಣೆ ಕೊಡುವವರೆಗೆ ಹೊರಗಿನವರಿಗೆ ನೀನು ಪಾಲುದಾರನೇ. ವೈಯಕ್ತಿಕ ಜಾಮೀನು ಬರೆದುಕೊಟ್ಟಿದ್ದರೆ, ಅದನ್ನು ಹಿಂತೆಗೆದುಕೊಳ್ಳುವ ನೋಟೀಸು ಮುಂದಿನ ವ್ಯವಹಾರಕ್ಕೆ ಮಾತ್ರ ಅನ್ವಯಿಸುತ್ತದೆ. ಅಂದಿನವರೆಗಿನ ಬಾಕಿ ನಿನ್ನ ತಲೆಯ ಮೇಲೆಯೇ ಇರುತ್ತದೆ. ಹದಿನೆಂಟು ತುಂಬಿದ ನಿನ್ನ ಸಹಿಗೆ ಈಗ ಬೆಲೆಯಿದೆ. ಈ ದೀಪಾವಳಿಗೆ ಅದನ್ನು ಮಾಡಬೇಡ. ನಿನ್ನ ಅಪ್ಪನಿಗೆ ಇದನ್ನು ನಾನೇ ಹೇಳುತ್ತೇನೆ, ನೀನು ಹೇಳಬೇಕಾದ್ದಿಲ್ಲ.

ಇನ್ನು ಓದಿನ ವಿಷಯ. ವಿನ್ಯಾಸವೆಂದರೆ ಚಿತ್ರ ಬರೆಯುವುದೆಂದು ಮನೆಯಲ್ಲಿ ಎಲ್ಲರೂ ತಿಳಿದಂತಿದೆ. 1961ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌.ಐ.ಡಿ., ಎರಡು ಹಂತದಲ್ಲಿ ಪರೀಕ್ಷೆ ನಡೆಸುತ್ತದೆ. ಮೊದಲು ಲಿಖಿತ, ಆಮೇಲೆ ಕೈಗೆ ಸಾಮಗ್ರಿ ಕೊಟ್ಟು ಏನಾದರೂ ಮಾಡಿ ತೋರಿಸು ಎನ್ನುವ ಪರೀಕ್ಷೆ. ಐ.ಐ.ಟಿ.ಗಳ ವಿನ್ಯಾಸ ಪದವಿಗೆ ಮುಂಬಯಿ ಐ.ಐ.ಟಿ. ಜನವರಿಯಲ್ಲಿ 'ಯುಸೀಡ್' ಪರೀಕ್ಷೆ ನಡೆಸುತ್ತದೆ. ವಾಣಿಜ್ಯ ಓದಿದವರೂ ಎರಡಕ್ಕೂ ಅರ್ಹರು.

ಇಲ್ಲಿಯೇ ನನ್ನ ತೀರ್ಮಾನದ ಗುಟ್ಟಿರುವುದು. ಎನ್‌.ಐ.ಡಿ.ಯ ಪದವಿಗೆ ಸಾಮಾನ್ಯ ವರ್ಗದ ವಯೋಮಿತಿ 20 ವರ್ಷ, ಹಿಂದುಳಿದ ವರ್ಗ ಮತ್ತು ಪರಿಶಿಷ್ಟರಿಗೆ ಸಡಿಲಿಕೆಯಿದೆ. ಯುಸೀಡ್‌ಗೆ, ಹನ್ನೆರಡನೆಯ ತರಗತಿ ಮುಗಿಸಿ ಬಹಳ ದಿನವಾದವರಿಗೆ ಪ್ರವೇಶವಿಲ್ಲ. ನಿನಗೆ ಬರುವ ಜನವರಿಯೇ ಕೊನೆಯ ಅವಕಾಶ. ಅರ್ಜಿಗಳು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರಿನಲ್ಲಿ ನಡೆಯುತ್ತವೆ. ದಿನಾಂಕವನ್ನು ಆಯಾ ವರ್ಷದ ಪ್ರಕಟಣೆಯಲ್ಲಿಯೇ ನೋಡಬೇಕು. ಅಂಗಡಿಯ ಬಾಗಿಲು ನಿನಗೆ 22ರಲ್ಲಿಯೂ ತೆರೆದಿರುತ್ತದೆ, ಆ ಬಾಗಿಲು ಇರುವುದಿಲ್ಲ.

ಖರ್ಚಿನ ಲೆಕ್ಕವನ್ನೂ ಹಾಕಿದ್ದೇನೆ. ಶುಲ್ಕ, ವಸತಿ, ಊಟ, ಸಾಮಗ್ರಿ ಸೇರಿ ನಾಲ್ಕು ವರ್ಷಕ್ಕೆ 18 ಲಕ್ಷ ಹಿಡಿದಿದ್ದೇನೆ, ಸಂಸ್ಥೆಯಂತೆ ಇದು ಹೆಚ್ಚುಕಡಿಮೆಯಾಗುತ್ತದೆ. ಅದರಲ್ಲಿ 10 ಲಕ್ಷ ಶೈಕ್ಷಣಿಕ ಸಾಲವೆಂದುಕೊಳ್ಳೋಣ. ವರ್ಷಾರಂಭದಲ್ಲಿ ಎರಡೂವರೆ ಲಕ್ಷದಂತೆ ಎತ್ತಿದರೆ, ಶೇಕಡಾ 10.5ರ ಸರಳ ಬಡ್ಡಿ ಸೇರಿ ಓದು ಮುಗಿಯುವಾಗ 12.6 ಲಕ್ಷವಾಗಿರುತ್ತದೆ. ಹತ್ತು ವರ್ಷ ತಿಂಗಳಿಗೆ 17,000 ಕಂತು. ಆ ಕಂತು ಕಟ್ಟಿ ಬದುಕುವಷ್ಟು ಪಗಾರ ಎಲ್ಲ ವಿನ್ಯಾಸ ಕಾಲೇಜುಗಳಿಂದ ಹೊರಬಂದವರಿಗೂ ಸಿಗುವುದಿಲ್ಲ. ಊರೂರಿಗೆ ಹಲಗೆ ಹಾಕಿಕೊಂಡಿರುವ ಸಂಸ್ಥೆಗಳಲ್ಲಿ ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದೆಂದು ಕೇಳಿದರೆ ಕೆಲವರು ಪ್ರಮಾಣಪತ್ರದ ಮಾತಾಡುತ್ತಾರೆ. ಆದುದರಿಂದ ನನ್ನ ಮಾತು ಸ್ಪಷ್ಟ. ಎನ್‌.ಐ.ಡಿ., ಐ.ಐ.ಟಿ., ನಿಫ್ಟ್ ಇವುಗಳಲ್ಲಿ ಸೀಟು ಸಿಕ್ಕರೆ ಹೋಗು. ಸಿಗದಿದ್ದರೆ, ಬೇರೆಡೆಗೆ 18 ಲಕ್ಷ ಸುರಿದು ಹೋಗುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಗೋಕಾಕದಲ್ಲಿ ಬಿ.ಕಾಂ. ಸೇರಿ ಅಂಗಡಿಗೆ ಬಾ.

ಜನವರಿಯವರೆಗೆ ಸುಮ್ಮನೆ ಕೂರಬೇಡ. ಪಾಲುದಾರನಾಗಿ ಬೇಡ, ತಿಂಗಳಿಗೆ 12,000 ಪಗಾರದ ಕೆಲಸಗಾರನಾಗಿ ಅಂಗಡಿಗೆ ಹೋಗು. ಪ್ರತಿ ಗಂಟನ್ನೂ ಬಿಚ್ಚಿ, ಖರೀದಿ ಬಿಲ್ಲು ಹುಡುಕಿ, ಚೀಟಿಯ ಮೇಲೆ ಖರೀದಿಯ ತಿಂಗಳು ಬರೆ. ಆರು ತಿಂಗಳೊಳಗಿನದು, ವರ್ಷದೊಳಗಿನದು, ಎರಡು ವರ್ಷದೊಳಗಿನದು, ಅದಕ್ಕೂ ಹಳೆಯದು ಎಂದು ಬೇರೆ ಬೇರೆ ಮಾಡು. ಹಳೆಯ ರಾಶಿಯಲ್ಲಿ ಯಾವ ಬಣ್ಣ, ಯಾವ ಅಂಚು, ಯಾವ ದರದ ಮಾಲು ಹೆಚ್ಚು ಉಳಿದಿದೆ ಎಂದು ನೋಡಿ ಬರೆದಿಡು. ಸೀರೆ ಬೇಡವೆಂದು ಎದ್ದು ಹೋದ ಹೆಂಗಸು ಕೊನೆಗೆ ಯಾವುದನ್ನು ಮುಟ್ಟಿ ಬಿಟ್ಟಳೆಂದು ವೈನಿಗೆ ಗೊತ್ತಿರುತ್ತದೆ, ಆಕೆಯನ್ನು ಕೇಳು. ಆ ಪಟ್ಟಿ ಮಾಡುವಾಗ ನಿನಗೆ ಬೇಸರ ಬರುತ್ತದೆಯೋ, ಹೊತ್ತು ಹೋದದ್ದೇ ತಿಳಿಯದೋ ಎಂಬುದನ್ನೂ ಗಮನಿಸು. ಅಣ್ಣನಿಗೆ ಆ ಪಟ್ಟಿಯಿಂದ ಹೇಗೂ ಉಪಯೋಗವಿದೆ.

ಸೀಟು ಸಿಕ್ಕರೆ ಶೈಕ್ಷಣಿಕ ಸಾಲಕ್ಕೆ ಬ್ಯಾಂಕು ಭದ್ರತೆ ಕೇಳಬಹುದು. ಅಂಗಡಿಯ ಕಟ್ಟಡದ ಕಾಗದ ಮುಟ್ಟುವುದು ಬೇಡ, ನನ್ನ ಮನೆಯ ಕಾಗದಗಳಿವೆ. ಈ ವಿಷಯ ನಿನ್ನ ಕಾಕುಗೂ ತಿಳಿಸಿದ್ದೇನೆ.

ಬರುವ ರವಿವಾರ ಮುಂಜಾನೆಯ ಗಾಡಿಗೆ ಘಟಪ್ರಭಾಕ್ಕೆ ಬರುತ್ತೇನೆ. ಉದ್ರಿ ಪುಸ್ತಕಗಳನ್ನೂ ಅಟ್ಟದ ಕೀಲಿಯನ್ನೂ ತೆಗೆದಿಟ್ಟಿರು. ಅಪ್ಪನಿಗೆ, ಅವ್ವನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಕಾಕಾ