ಎತ್ತುವುದು ಕ್ಷಣ, ನಡೆಯುವುದು ದಿನವಿಡೀ

ನೀವು ಆನ್‌ಲೈನ್‌ನಲ್ಲಿ ತರಿಸಿದ ಸೋಪನ್ನು ರ‍್ಯಾಕಿನಿಂದ ಎತ್ತಲು ಕೆಲವೇ ಸೆಕೆಂಡು ಸಾಕು. ಆ ರ‍್ಯಾಕಿನ ತನಕ ಹೋಗಿ ಬರುವುದಕ್ಕೇ ಹೊತ್ತು ಹಿಡಿಯುತ್ತದೆ. ಗೋದಾಮಿನಲ್ಲಿ ಮಾಲು ಎತ್ತುವವರ ಪಾಳಿಯನ್ನು ತಿನ್ನುವುದು ಈ ನಡಿಗೆ.

ನೆಲಮಂಗಲದ ಕಡೆ ಕಾಣಸಿಗುವಂಥ ಒಂದು ಗೋದಾಮನ್ನು ಕಲ್ಪಿಸಿಕೊಳ್ಳಿ. ದಿನಕ್ಕೆ 600 ಆರ್ಡರ್, ಹೆಚ್ಚಿನವು ಎರಡೇ ವಸ್ತುವಿನವು. ಒಂದೊಂದು ಆರ್ಡರಿಗೂ 300 ಮೀಟರ್ ಸುತ್ತಿದರೆ ಒಟ್ಟು 180 ಕಿಲೋಮೀಟರ್ ಆಯಿತು. ಈಗ ಟ್ರಾಲಿಯ ಮೇಲೆ 12 ಡಬ್ಬ ಇಟ್ಟು, ಒಂದೇ ಸುತ್ತಿನಲ್ಲಿ 12 ಆರ್ಡರ್ ತುಂಬಿಸಿ. ಸುತ್ತು ಉದ್ದವಾಗುತ್ತದೆ, 600 ಮೀಟರ್ ಎನ್ನೋಣ. ಆದರೂ 50 ಸುತ್ತಿಗೆ 30 ಕಿಲೋಮೀಟರಲ್ಲಿ ಕೆಲಸ ಮುಗಿಯುತ್ತದೆ. ಇದು ಬ್ಯಾಚ್ ಪಿಕ್ಕಿಂಗ್.

ಇದರಲ್ಲಿ ತಪ್ಪಾಗುವುದು ಡಬ್ಬದ ಹತ್ತಿರ. 7ನೇ ಡಬ್ಬಕ್ಕೆ ಹೋಗಬೇಕಾದ ಸೋಪು 8ಕ್ಕೆ ಬಿದ್ದರೆ ಒಂದೇ ಏಟಿಗೆ ಎರಡು ಆರ್ಡರ್ ಕೆಡುತ್ತವೆ. ಪ್ಯಾಕಿಂಗ್ ಟೇಬಲ್ಲಿನಲ್ಲಿ ಒಂದು ಡಬ್ಬದಲ್ಲಿ ವಸ್ತು ಕಡಿಮೆ ಬಂದರೆ ಮೊದಲು ಅದರ ಪಕ್ಕದ ಡಬ್ಬ ನೋಡಬೇಕು. ವಸ್ತು ಹಾಕುವಾಗ ಡಬ್ಬದ ಚೀಟಿಯನ್ನೂ ಸ್ಕ್ಯಾನ್ ಮಾಡಿಸಿದರೆ ಈ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಹಾಗೆಂದು 12 ಡಬ್ಬವನ್ನು 30 ಮಾಡಿದರೆ ಲಾಭ ಅಷ್ಟೇ ಪಟ್ಟು ಬೆಳೆಯುವುದಿಲ್ಲ. ಟ್ರಾಲಿ ಹೇಗೂ ಹೆಚ್ಚುಕಡಿಮೆ ಎಲ್ಲ ಸಾಲಿಗೂ ಹೋಗುತ್ತಿರುತ್ತದೆ. ಭಾರ ಮತ್ತು ಡಬ್ಬ ಹುಡುಕುವ ಗೊಂದಲ ಮಾತ್ರ ಏರುತ್ತದೆ.

ಒಂದೇ ವಸ್ತುವಿನ ಆರ್ಡರುಗಳಿಗೆ ಡಬ್ಬವೂ ಬೇಡ. ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿ ತಂದು ಸುರಿಯಿರಿ. ಟೇಬಲ್ಲಿನಲ್ಲಿ ವಸ್ತುವನ್ನು ಸ್ಕ್ಯಾನ್ ಮಾಡಿದಾಗ ಅದನ್ನು ಕಾಯುತ್ತಿರುವ ಒಬ್ಬ ಗ್ರಾಹಕರ ವಿಳಾಸದ ಚೀಟಿ ಮುದ್ರಣವಾಗಿ ಬರುತ್ತದೆ.

ಝೋನ್ ಪಿಕ್ಕಿಂಗಿನಲ್ಲಿ ಒಬ್ಬೊಬ್ಬರಿಗೂ ಇಂತಿಷ್ಟು ಸಾಲು ಎಂದು ಹಂಚಿರುತ್ತಾರೆ. ಡಬ್ಬ ಕೈಯಿಂದ ಕೈಗೆ ಸಾಗುತ್ತದೆ. ಗೋದಾಮು ದೊಡ್ಡದಾಗಿ ಟ್ರಾಲಿಗಳು ಒಂದಕ್ಕೊಂದು ಅಡ್ಡ ನಿಲ್ಲತೊಡಗಿದಾಗ ಇದು ಉಪಕಾರಿ. ಆದರೆ ಬೇಗ ಖರ್ಚಾಗುವ ಮಾಲೆಲ್ಲ ಒಬ್ಬರ ಪಾಲಿಗೇ ಬಂದರೆ ಅವರ ಗಡಿಯಲ್ಲಿ ಡಬ್ಬಗಳು ರಾಶಿ ಬೀಳುತ್ತವೆ, ಮುಂದಿನವರು ಕೈಕಟ್ಟಿ ನಿಲ್ಲುತ್ತಾರೆ. ಆ ರಾಶಿ ಕಂಡರೆ ಮಾಲನ್ನು ಬೇರೆ ಸಾಲುಗಳಿಗೂ ಹಂಚಬೇಕು, ಇಲ್ಲವೇ ಗಡಿ ಸರಿಸಬೇಕು.

ವೇವ್ ಪಿಕ್ಕಿಂಗ್ ನಡಿಗೆಯ ಕ್ರಮವಲ್ಲ, ವೇಳೆಯ ಕ್ರಮ. ಕೊರಿಯರ್ ಗಾಡಿ 5 ಗಂಟೆಗೆ ಹೊರಡುವುದಾದರೆ ಅದಕ್ಕೆ ಸೇರಿದ ಆರ್ಡರುಗಳನ್ನು 3 ಗಂಟೆಗೆ ಒಟ್ಟಿಗೆ ಕೆಲಸಕ್ಕೆ ಬಿಡುತ್ತಾರೆ. ಅಂಗಳದಲ್ಲಿ ಗಾಡಿ ಸುಮ್ಮನೆ ಕಾಯುವುದು ತಪ್ಪುತ್ತದೆ. ಆದರೆ ಶುರುವಿನಲ್ಲಿ ಪ್ಯಾಕಿಂಗ್ ಟೇಬಲ್ ಖಾಲಿ, ಆಮೇಲೆ ಉಸಿರಾಡಲು ಬಿಡುವಿಲ್ಲ. ಕೊನೆಯ ನಾಲ್ಕಾರು ಆರ್ಡರುಗಳಿಗಾಗಿ ಎಲ್ಲರೂ ಕಾಯಬೇಕಾಗುವುದೂ ಉಂಟು.

ಸಣ್ಣ ಆರ್ಡರುಗಳ ಗೋದಾಮಿಗೆ ನನ್ನ ಮತ ಬ್ಯಾಚ್‌ಗೇ. ಒಂದೇ ವಸ್ತುವಿನವನ್ನು ಮೊದಲು ಬೇರೆ ಮಾಡಿ, ಬ್ಯಾಚುಗಳನ್ನು ಗಾಡಿಯ ವೇಳೆಗೆ ತಕ್ಕಂತೆ ವೇವ್ ಆಗಿ ಬಿಡಿ. ಟ್ರಾಲಿಗಳು ಒಂದಕ್ಕೊಂದು ಅಡ್ಡ ಬರುವ ತನಕ ಝೋನ್ ಬೇಡ.